ಮೂರು ರ್ಯಾಕಿನ ಲೆಕ್ಕ: ಊರ ಗ್ರಂಥಾಲಯಕ್ಕೆ ಕ್ರೌಡ್‌ಫಂಡಿಂಗ್ ಪುಟ ಬರೆಯುವ ಮೊದಲು

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಭಾಗದ ವಾಚನಾಲಯಗಳ ಕಾರ್ಯಕರ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಬ್ರಹ್ಮಕಲಶದ ವಿಜ್ಞಾಪನಾ ಪತ್ರ ಕೈಗೆ ಬಾರದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಮೊದಲ ಪುಟದಲ್ಲಿ ಕ್ಷೇತ್ರದ ಕಥೆ ಇರುತ್ತದೆ. ಮಧ್ಯದಲ್ಲಿ ಗರ್ಭಗುಡಿಗೆ ಇಷ್ಟು, ಸುತ್ತುಪೌಳಿಗೆ ಇಷ್ಟು ಎಂದು ಅಂದಾಜು ವೆಚ್ಚ. ಕೊನೆಯಲ್ಲಿ, ಇಷ್ಟು ಕೊಟ್ಟವರಿಗೆ ಇಂಥ ಪ್ರಸಾದ, ಇಂಥವರ ಹೆಸರು ಶಿಲಾಫಲಕದಲ್ಲಿ. ಕಥೆ, ಮೊತ್ತ, ಕೊಟ್ಟವರಿಗೆ ಏನು ಎಂಬ ಮೂರೇ ಭಾಗ. ಅಂತರ್ಜಾಲದಲ್ಲಿ ಹಲವರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸುವ ಕ್ರೌಡ್‌ಫಂಡಿಂಗ್ ಪುಟದಲ್ಲಿರುವುದೂ ಈ ಮೂರೇ. ಹಾಗಾಗಿ ಇದನ್ನು ಹೊಸ ವಿದ್ಯೆ ಎಂದು ತಿಳಿಯಬೇಡಿ. ಒಂದು ವ್ಯತ್ಯಾಸ ಮಾತ್ರ ಇದೆ. ವಿಜ್ಞಾಪನಾ ಪತ್ರ ಹಿಡಿದುಕೊಂಡು ನೀವು ಮನೆಯಂಗಳಕ್ಕೆ ಹೋಗುತ್ತೀರಿ, ಅವರು ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳುತ್ತೀರಿ. ಪುಟ ಓದುವವರು ದುಬೈಯಲ್ಲೋ ಬೆಂಗಳೂರಿನಲ್ಲೋ ಬಸ್ಸಿನಲ್ಲಿ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಅವರ ಪ್ರಶ್ನೆಗೆ ಉತ್ತರ ಪುಟದಲ್ಲೇ ಇರಬೇಕು. ಇಲ್ಲದಿದ್ದರೆ ಬೆರಳು ಮುಂದೆ ಹೋಗುತ್ತದೆ.

ನನ್ನ ಮೊದಲ ಅನುಭವ ಹೇಳಿಯೇ ಶುರು ಮಾಡುತ್ತೇನೆ. ಪೆರ್ಲದ ಒಳಗಿನ ನಮ್ಮ ಊರಲ್ಲಿ ಒಂದು ವಾಚನಾಲಯಕ್ಕಾಗಿ ನಾವು ಕೆಲವರು ಪುಟ ತೆರೆದಾಗ ಗುರಿ ಐದು ಲಕ್ಷ ಎಂದು ಹಾಕಿದ್ದೆವು. ಐದು ಯಾಕೆ ಎಂದು ಕೇಳಿದ್ದರೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮೊದಲ ವಾರ ಮೂವತ್ತೆಂಟು ಸಾವಿರ ಬಂತು. ಆಮೇಲೆ ಮೂರು ವಾರ ಅಂಕಿ ಅಲುಗಲಿಲ್ಲ. ಬಂದ ಹಣ ಎಷ್ಟೆಂದು ಪುಟದಲ್ಲಿ ತೋರಿಸುವ ಐದು ಲಕ್ಷದ ಪಟ್ಟಿಯಲ್ಲಿ ಮೂವತ್ತೆಂಟು ಸಾವಿರ ಎಂದರೆ ಒಂದು ಸಣ್ಣ ಹಸಿರು ಗೆರೆ. ಅದನ್ನು ನೋಡಿದವರು, ಇದು ಆಗುವ ಕೆಲಸ ಅಲ್ಲ ಅಂದುಕೊಂಡರು. ಅಷ್ಟೇ ಹಣ ಒಂದು ಲಕ್ಷದ ಗುರಿಯ ಎದುರು ಇದ್ದಿದ್ದರೆ ಮೂರನೇ ಒಂದು ಪಾಲು ದಾಟಿರುತ್ತಿತ್ತು, ನೋಡಿದವರು ಕೈ ಜೋಡಿಸುತ್ತಿದ್ದರು. ಕೊಟ್ಟವರ ತಪ್ಪು ಏನೂ ಇಲ್ಲ. ಲೆಕ್ಕ ಹಾಕದೆ ಗುರಿ ಇಟ್ಟದ್ದು ತಪ್ಪು. ಅದಕ್ಕೇ ಇವತ್ತು ಹೆಚ್ಚು ಹೊತ್ತು ಲೆಕ್ಕದಲ್ಲೇ ಕಳೆಯುತ್ತೇನೆ. ಆದರೆ ಲೆಕ್ಕ ಹುಟ್ಟುವುದು ಕಥೆಯಿಂದ, ಆದ್ದರಿಂದ ಕಥೆ ಮೊದಲು.

ನಮ್ಮ ಹಳೆಯ ಪುಟದ ಮೊದಲ ಸಾಲು ಹೀಗಿತ್ತು: "ಗಡಿನಾಡಿನಲ್ಲಿ ಕನ್ನಡದ ಅಳಿವು ಉಳಿವಿನ ಪ್ರಶ್ನೆ ಎದುರಾಗಿರುವ ಈ ಸಂದರ್ಭದಲ್ಲಿ ಪುಸ್ತಕ ಸಂಸ್ಕೃತಿಯನ್ನು ಬೆಳೆಸುವುದು ಎಲ್ಲರ ಕರ್ತವ್ಯ." ಇದರಲ್ಲಿ ಸುಳ್ಳು ಏನೂ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಾವು ಅನುಭವಿಸುತ್ತಿರುವುದು ನಮಗೆ ಗೊತ್ತು. ಆದರೆ ಈ ಸಾಲನ್ನು ಕಾಸರಗೋಡಿನ ಯಾವ ಸಂಘಟನೆಯ ಯಾವ ಕಾರ್ಯಕ್ರಮದ ಆಮಂತ್ರಣಕ್ಕೂ ಹಾಕಬಹುದು. ಓದಿದವರು ತಲೆಯಾಡಿಸುತ್ತಾರೆ, ಮುಂದೆ ಕಳಿಸುತ್ತಾರೆ, ಹಣ ಕೊಡುವುದಿಲ್ಲ. ಏಕೆಂದರೆ ನನ್ನ ಐನೂರು ರೂಪಾಯಿಯಿಂದ ನಾಳೆ ಏನು ಬದಲಾಗುತ್ತದೆ ಎಂಬುದು ಅದರಲ್ಲಿ ಇಲ್ಲ.

ಎರಡನೇ ಸಲ ಬರೆಯುವಾಗ ನಾವು ಊರಿನಲ್ಲಿ ಆಗುತ್ತಿರುವುದನ್ನು ಮಾತ್ರ ಬರೆದೆವು. ಕನ್ನಡ ಮಾಧ್ಯಮದ ಶಾಲೆ ಬಿಟ್ಟ ಮೇಲೆ ಒಳದಾರಿಯ ಬಸ್ಸು ಬರಲು ಇನ್ನೂ ಒಂದೂವರೆ ಗಂಟೆ ಇರುತ್ತದೆ. ಹದಿನೈದು ಇಪ್ಪತ್ತು ಮಕ್ಕಳು ಟೈಲರ್ ಅಂಗಡಿಯ ಜಗಲಿಯಲ್ಲಿ ಕೂರುತ್ತಾರೆ. ಟೈಲರ್ ಅಕ್ಕ ತಮ್ಮ ಮಿಷನ್ನಿನ ಪಕ್ಕದ ಪೆಟ್ಟಿಗೆಯಲ್ಲಿ ಅರವತ್ತನಾಲ್ಕು ಪುಸ್ತಕ ಇಟ್ಟುಕೊಂಡಿದ್ದಾರೆ. ಐದು ತಿಂಗಳಲ್ಲಿ ಆ ಪುಸ್ತಕಗಳು ಇನ್ನೂರ ಹನ್ನೆರಡು ಬಾರಿ ಮನೆಗೆ ಹೋಗಿ ಬಂದಿವೆ. ಈಗ ಮಕ್ಕಳು ಓದಿದ್ದನ್ನೇ ಓದುತ್ತಿದ್ದಾರೆ. ಎದುರಿನ ಖಾಲಿ ಕೋಣೆಯನ್ನು ಅದರ ಮಾಲಕರು ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ. ಕಥೆ ಇಷ್ಟೇ. ಇದರಲ್ಲಿ ಬಹಳ ಬೆಲೆಬಾಳುವ ಸಾಲು ಯಾವುದು ಹೇಳಿ? ಇನ್ನೂರ ಹನ್ನೆರಡು ಬಾರಿ ಎಂಬ ಸಾಲು. ಅದು ಟೈಲರ್ ಅಕ್ಕನ ನಲವತ್ತು ಪುಟದ ನೋಟ್‌ಬುಕ್ಕಿನಿಂದ ಬಂದದ್ದು. ನಾವು ಆ ನೋಟ್‌ಬುಕ್ಕಿನ ಒಂದು ಪುಟದ ಫೋಟೋ ತೆಗೆದು, ಮಕ್ಕಳ ಹೆಸರು ಕಾಣದ ಹಾಗೆ ಮುಚ್ಚಿ, ಪುಟದ ಮೇಲ್ಭಾಗದಲ್ಲೇ ಹಾಕಿದೆವು. ಹಣ ಕೊಡುವವರು ಮನಸ್ಸಿನಲ್ಲೇ ಕೇಳುವ ಪ್ರಶ್ನೆ, ಗ್ರಂಥಾಲಯ ಮಾಡಿದರೆ ಯಾರು ಬರುತ್ತಾರೆ ಎಂಬುದು. ಆ ಕೈಬರಹದ ಪುಟ ಅದಕ್ಕೆ ಉತ್ತರ ಹೇಳಿತು. ನಿಮ್ಮಲ್ಲಿ ಇನ್ನೂ ಏನೂ ಶುರುವಾಗಿಲ್ಲ ಎಂದಾದರೆ ಪುಟ ತೆರೆಯಬೇಡಿ. ಮೊದಲು ಐವತ್ತು ಪುಸ್ತಕ ಒಂದು ಪೆಟ್ಟಿಗೆಯಲ್ಲಿಟ್ಟು ಮೂರು ತಿಂಗಳು ಕೊಡಿ, ತೆಗೆದುಕೊಳ್ಳಿ, ಬರೆದಿಡಿ.

ಕಥೆಯ ಬಗ್ಗೆ ಇನ್ನೆರಡು ಮಾತು. ಮಕ್ಕಳ ಮುಖದ ಫೋಟೋ ಹಾಕುವುದಾದರೆ ತಂದೆ ತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಇಲ್ಲದಿದ್ದರೆ ಬೇಡ. ಪುಸ್ತಕ ಹಿಡಿದ ಕೈ, ಬಾಗಿದ ತಲೆಯ ಹಿಂಭಾಗ, ಜಗಲಿಯಲ್ಲಿ ಸಾಲಾಗಿಟ್ಟ ಚಪ್ಪಲಿ ಸಾಕು. ಬಡತನ ತೋರಿಸುವ ಫೋಟೋ ನನಗೆ ಸುತರಾಂ ಒಪ್ಪಿಗೆಯಿಲ್ಲ. ಆ ಮಗು ದೊಡ್ಡದಾಗಿ ಒಂದು ದಿನ ಆ ಪುಟ ನೋಡಬಹುದು. ಇನ್ನೊಂದು ಮಾತು ಭಾಷೆಯದು. ನಮ್ಮ ಊರಲ್ಲಿ ಕನ್ನಡ ಓದುವ ಮಕ್ಕಳ ಮನೆಮಾತು ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ, ಮಲಯಾಳ ಎಲ್ಲ ಇದೆ. ಪಕ್ಕದ ಮನೆಯ ಮಲಯಾಳಿ ಮಾಷ್ಟ್ರು ಕೂಡ ನಮ್ಮ ಗ್ರಂಥಾಲಯಕ್ಕೆ ಹಣ ಕೊಡುವವರೇ. ಅವರ ಮನಸ್ಸು ನೋಯುವ ಒಂದು ವಾಕ್ಯವೂ ಪುಟದಲ್ಲಿ ಇರಬಾರದು. ಮಲಯಾಳ ಪುಸ್ತಕದ ಒಂದು ಸಾಲು ಇಡುತ್ತೀರಾದರೆ ಹಾಗೆಂದು ಬರೆಯಿರಿ. ಇಡುವುದಿಲ್ಲ ಎಂದಾದರೆ ಇಡುತ್ತೇವೆ ಎನ್ನಬೇಡಿ. ಪುಟವನ್ನು ಮಲಯಾಳಕ್ಕೆ ಸಾಲಿಗೆ ಸಾಲು ತಿರುಗಿಸಿದರೆ ಸಾಲದು. ಮಲಯಾಳ ಓದುಗರಿಗೆ ವಾಚನಾಲಯ ಎಂದರೇನು ಎಂದು ಹೇಳಬೇಕಾಗಿಲ್ಲ, ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ಕಾಲದಿಂದ ಅವರಿಗೆ ಅದು ಗೊತ್ತು. ಬೆಂಗಳೂರಿನ ಗೆಳೆಯರಿಗೆ ಮಾತ್ರ ಕಾಸರಗೋಡಿನಲ್ಲಿ ಕನ್ನಡ ಶಾಲೆ ಇದೆ ಎಂಬುದರಿಂದಲೇ ಶುರು ಮಾಡಬೇಕಾಗುತ್ತದೆ.

ಪುಟದ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ಪೂರ್ತಿ ಕಥೆ ಕಾಣುವುದಿಲ್ಲ. ಒಂದು ಚಿತ್ರ, ಶೀರ್ಷಿಕೆ, ಹೆಚ್ಚೆಂದರೆ ಒಂದೆರಡು ಸಾಲು ಕಾಣುತ್ತದೆ. ಮುಕ್ಕಾಲು ಪಾಲು ಜನ ಅಷ್ಟನ್ನೇ ನೋಡಿ ತೀರ್ಮಾನಿಸುತ್ತಾರೆ. ಹಾಗಾಗಿ ಶೀರ್ಷಿಕೆಯಲ್ಲಿ ಊರಿನ ಹೆಸರು ಇರಲಿ, ಮೊದಲ ಸಾಲಿನಲ್ಲಿ ಆ ಜಗಲಿಯ ಮಕ್ಕಳು ಇರಲಿ. ಸಮಿತಿಯ ಪದಾಧಿಕಾರಿಗಳ ಪಟ್ಟಿ ಕೊನೆಗೆ ಹೋಗಲಿ.

ಈಗ ಮೊತ್ತ. ಗುರಿಯನ್ನು ಎರಡು ಕಡೆಯಿಂದ ಲೆಕ್ಕ ಹಾಕಬೇಕು. ಕೋಣೆಯ ಕಡೆಯಿಂದ ಒಂದು, ಜನರ ಕಡೆಯಿಂದ ಒಂದು. ಎರಡೂ ಹತ್ತಿರ ಬರುವ ತನಕ ಪುಟ ತೆರೆಯುವ ಹಾಗಿಲ್ಲ. ಒಂದು ಮಾದರಿ ಲೆಕ್ಕ ಮಾಡೋಣ. ಬೆಲೆಗಳು ನಿಮ್ಮ ಊರಲ್ಲಿ ಬೇರೆ ಇರಬಹುದು, ಕ್ರಮ ನೋಡಿ.

ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಕೋಣೆ. ಮಕ್ಕಳ ಪುಸ್ತಕ 400, ತಲಾ 70 ರೂಪಾಯಿ ಸರಾಸರಿ. ದೊಡ್ಡವರ ಪುಸ್ತಕ 400, ತಲಾ 180. ಪಿಎಸ್‌ಸಿ ಪರೀಕ್ಷೆ, ನಿಘಂಟು ಇಂಥವು 50, ತಲಾ 400. ಒಟ್ಟು ಪುಸ್ತಕಕ್ಕೆ 1,20,000. ಇನ್ನು ರ್ಯಾಕ್. ಇಲ್ಲಿ ಅಂದಾಜು ಮಾಡಬೇಡಿ, ಅಳೆಯಿರಿ. ಮೂರು ಅಡಿ ಅಗಲದ ಕಬ್ಬಿಣದ ರ್ಯಾಕಿನಲ್ಲಿ ಐದು ಅಂತಸ್ತು ಎಂದರೆ ಹದಿನೈದು ಅಡಿ ಸಾಲು. ಅಡಿಗೆ ಸುಮಾರು ಹತ್ತು ಪುಸ್ತಕ ನಿಲ್ಲುತ್ತದೆ. ಆದರೆ ಒತ್ತಿ ತುಂಬಿಸಿದರೆ ನಮ್ಮ ಮಳೆಗಾಲಕ್ಕೆ ಬೂಸ್ಟು ಹಿಡಿಯುವುದು ಖಂಡಿತ. ಗಾಳಿಯಾಡಲು, ಮುಂದೆ ಪುಸ್ತಕ ಸೇರಿಸಲು ಕಾಲು ಭಾಗ ಖಾಲಿ ಬಿಟ್ಟರೆ ಒಂದು ರ್ಯಾಕಿಗೆ 110 ಪುಸ್ತಕ. ದೊಡ್ಡವರ 450 ಪುಸ್ತಕಕ್ಕೆ ನಾಲ್ಕು ರ್ಯಾಕ್, ಮಕ್ಕಳ ತೆಳು ಪುಸ್ತಕಕ್ಕೆ ಎರಡು. ಆರು ರ್ಯಾಕ್, ತಲಾ 6,500ರಂತೆ 39,000. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ನಿಲ್ಲಿಸಲು ಜಾಗವನ್ನೂ ಈಗಲೇ ಅಳೆದುಕೊಳ್ಳಿ.

ಕೋಣೆಯ ಒರಲೆ ಮದ್ದು, ವಯರಿಂಗ್, ಎರಡು ಫ್ಯಾನು, ಬಣ್ಣ ಸೇರಿ 27,000. ಮೇಜು, ಬೆಂಚು, ಚಾಪೆ, ರಿಜಿಸ್ಟರ್, ಸೀಲು ಎಲ್ಲ 29,000. ಕೊನೆಯದಾಗಿ ಎಲ್ಲರೂ ಬಿಟ್ಟುಬಿಡುವ ಬಾಬ್ತು: ಬಾಗಿಲು ತೆರೆದು ಕೂರುವವರಿಗೆ ತಿಂಗಳಿಗೆ ಗೌರವಧನ 3,000, ಕರೆಂಟು ಮತ್ತು ಪತ್ರಿಕೆಗೆ 1,500. ವರ್ಷಕ್ಕೆ 54,000. ಎಲ್ಲ ಕೂಡಿಸಿದರೆ 2,69,000.

ಇಲ್ಲಿ ನಮ್ಮ ಕಡೆಯ ಹೊರೆಕಾಣಿಕೆ ನೆನಪಿಸಿಕೊಳ್ಳಿ. ಜಾತ್ರೆಗೆ ಅಕ್ಕಿ, ತೆಂಗಿನಕಾಯಿ, ತರಕಾರಿ ಹೊತ್ತು ತರುತ್ತಾರಲ್ಲ, ಹಾಗೆ ಗ್ರಂಥಾಲಯಕ್ಕೂ ವಸ್ತುವಾಗಿ ಬರುವುದು ಇದೆ. ಆಚಾರಿಯೊಬ್ಬರು ಬೆಂಚು ಮಾಡಿಕೊಡುತ್ತೇನೆ ಎನ್ನುತ್ತಾರೆ, ಸ್ಟೇಷನರಿ ಅಂಗಡಿಯವರು ರಿಜಿಸ್ಟರ್ ಕೊಡುತ್ತೇನೆ ಎನ್ನುತ್ತಾರೆ. ಪುಟ ತೆರೆಯುವ ಮೊದಲೇ ಇದನ್ನು ಕೇಳಿ ಮುಗಿಸಬೇಕು. ನಮ್ಮ ಲೆಕ್ಕದಲ್ಲಿ ಮೇಜು ಬೆಂಚಿನ 29,000 ಹೀಗೆ ಕಳೆಯಿತು ಎಂದಿಟ್ಟುಕೊಳ್ಳಿ. ನಗದಾಗಿ ಬೇಕಾದದ್ದು 2,40,000. ಕಳೆದ ಬಾಬ್ತನ್ನೂ ಪುಟದಲ್ಲಿ ತೋರಿಸಿ. ಊರವರು ಆಗಲೇ ಇಷ್ಟು ಕೊಟ್ಟಿದ್ದಾರೆ ಎಂದು ಹೊರಗಿನವರಿಗೆ ಗೊತ್ತಾಗಬೇಕು.

ಆದರೆ 2,40,000 ಗುರಿ ಇಟ್ಟರೆ ಕೈಗೆ ಅಷ್ಟು ಬರುವುದಿಲ್ಲ. ಹಣ ಪಾವತಿಯಾಗುವ ಗೇಟ್‌ವೇ ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿಯ ಆಸುಪಾಸು ಹಿಡಿಯುತ್ತದೆ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. ಅಂದರೆ ನೂರಕ್ಕೆ 2.36. ವೇದಿಕೆಯವರ, ಅಂದರೆ ಪುಟ ತೆರೆಯಲು ಜಾಗ ಕೊಡುವ ತಾಣದವರ, ಶುಲ್ಕ ಶೇಕಡಾ 5 ಎಂದಾದರೆ ಅದಕ್ಕೂ ಜಿಎಸ್‌ಟಿ ಸೇರಿ 5.90. ಕೊಟ್ಟವರಿಗೆ ನೀವು ಕಳಿಸುವ ಕಾರ್ಡು, ಅಂಚೆ, ಫಲಕ ಇದಕ್ಕೆಲ್ಲ ಸುಮಾರು ಏಳು. ಎಲ್ಲ ಹೋಗಿ ನೂರರಲ್ಲಿ ಎಂಬತ್ತೈದು ಉಳಿಯುತ್ತದೆ. ಈಗ ಅನೇಕರು ಮಾಡುವ ತಪ್ಪು ನೋಡಿ. 2,40,000ಕ್ಕೆ ಶೇಕಡಾ 15 ಸೇರಿಸಿ 2,76,000 ಎಂದು ಬರೆಯುತ್ತಾರೆ. 2,76,000ದಲ್ಲಿ ಶೇಕಡಾ 15 ಹೋದರೆ ಉಳಿಯುವುದು 2,34,600. ಹತ್ತಿರ ಒಂದು ರ್ಯಾಕಿನ ಹಣ ಕಡಿಮೆ ಬಿತ್ತು. ಸೇರಿಸಬಾರದು, 0.85ರಿಂದ ಭಾಗಿಸಬೇಕು. ಆಗ 2,82,353 ಬರುತ್ತದೆ, ದುಂಡಗೆ 2,85,000.

ವೇದಿಕೆ ಶುಲ್ಕವೇ ಇಲ್ಲ ಎನ್ನುವ ತಾಣಗಳೂ ಇವೆ. ಅಲ್ಲಿ ಕೊಡುವವರ ಹತ್ತಿರವೇ ಟಿಪ್ ಕೇಳುತ್ತಾರೆ, ಕೆಲವೊಮ್ಮೆ ಒಂದು ಶೇಕಡಾವಾರು ಮೊದಲೇ ಆಯ್ಕೆಯಾಗಿರುತ್ತದೆ. ನಿಮ್ಮ ಪರಿಚಯದ ಅಜ್ಜ ಸಾವಿರ ರೂಪಾಯಿ ಕೊಡಲು ಹೋಗಿ ಅದಕ್ಕಿಂತ ಹೆಚ್ಚು ಕಡಿತವಾದರೆ ಅವರು ಕೇಳುವುದು ತಾಣದವರನ್ನಲ್ಲ, ನಿಮ್ಮನ್ನು. ಟಿಪ್ ಬದಲಿಸುವುದು ಹೇಗೆ ಎಂದು ಸಂದೇಶದಲ್ಲೇ ಹೇಳಿಬಿಡಿ.

ಈಗ ಎರಡನೇ ಕಡೆಯ ಲೆಕ್ಕ, ಜನರದ್ದು. ಅಪರಿಚಿತರು ಪುಟವನ್ನು ಹುಡುಕಿಕೊಂಡು ಬರುವುದಿಲ್ಲ. ಹಣ ಬರುವುದು ನಿಮ್ಮ ಫೋನಿನಲ್ಲಿ ಇರುವವರಿಂದ, ಅವರ ಫೋನಿನಲ್ಲಿ ಇರುವವರಿಂದ. ಹಾಗಾಗಿ ಕಾಗದ ತೆಗೆದುಕೊಂಡು ಹೆಸರು ಬರೆಯಿರಿ. ಖಂಡಿತ ಕೊಡುವವರು, ಅಂದರೆ ಸಮಿತಿಯವರು, ಹತ್ತಿರದ ಬಂಧುಗಳು, ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ಆಪ್ತರು, ನಲವತ್ತು ಜನ, ಸರಾಸರಿ 1,500 ಹಿಡಿದರೆ 60,000. ನೇರವಾಗಿ ಫೋನ್ ಮಾಡಬಹುದಾದ ಇನ್ನು ನೂರೈವತ್ತು ಜನ, ಮಂಗಳೂರು, ಬೆಂಗಳೂರು, ಮುಂಬೈ, ಗಲ್ಫಿನವರು. ಅವರಲ್ಲಿ ಮೂರನೇ ಒಂದು ಪಾಲು ಕೊಡುತ್ತಾರೆ ಎಂದರೆ ಐವತ್ತು ಜನರಿಂದ 75,000. ಯಾರೋ ಮುಂದೆ ಕಳಿಸಿದ್ದನ್ನು ನೋಡಿ ಕೊಡುವವರು ನೂರು ಜನ, ತಲಾ 400 ಎಂದರೆ 40,000. ಒಟ್ಟು 1,75,000. ಈ ಸರಾಸರಿಗಳನ್ನು ನಾನು ಹೇಳಿದೆ ಎಂದು ನಂಬಬೇಡಿ, ಪಟ್ಟಿಯ ಮೊದಲ ಹತ್ತು ಜನರಿಗೆ ಈಗಲೇ ಫೋನ್ ಮಾಡಿ ಕೇಳಿದರೆ ನಿಮ್ಮ ಊರಿನ ಸರಾಸರಿ ತಾನಾಗಿ ಸಿಗುತ್ತದೆ.

ಕೋಣೆ 2,85,000 ಕೇಳುತ್ತಿದೆ, ಜನರ ಪಟ್ಟಿ 1,75,000 ಹೇಳುತ್ತಿದೆ. ಆಸೆಯಿಂದ ಪಟ್ಟಿಯನ್ನು ಉದ್ದ ಮಾಡಬೇಡಿ, ಕೋಣೆಯನ್ನು ಸಣ್ಣ ಮಾಡಿ. ಅರ್ಧ ಪುಸ್ತಕ 60,000. ಆಗ ಮೂರೇ ರ್ಯಾಕ್ ಸಾಕು, 19,500. ದುರಸ್ತಿ ಅರ್ಧ ಮಾಡಲಾಗದು, 27,000. ಆರು ತಿಂಗಳ ಖರ್ಚು 27,000. ಒಟ್ಟು 1,33,500. ಇದನ್ನು 0.85ರಿಂದ ಭಾಗಿಸಿದರೆ 1,57,059, ದುಂಡಗೆ 1,60,000. ಇದು ನಿಮ್ಮ ಜನರ ಪಟ್ಟಿಯ ಒಳಗೆ ಬರುತ್ತದೆ. ಇದೇ ಗುರಿ. 2,85,000 ಎಂಬುದು ಗುರಿ ಮುಟ್ಟಿದ ಮೇಲೆ ಹೇಳುವ ಎರಡನೇ ಮಾತು.

ಅಷ್ಟೂ ಬಾರದಿದ್ದರೆ? ದಾನದ ತಾಣಗಳಲ್ಲಿ ಸಾಮಾನ್ಯವಾಗಿ ಬಂದಷ್ಟು ನಿಮಗೆ ಸಿಗುತ್ತದೆ. ಗುರಿ ಮುಟ್ಟದಿದ್ದರೆ ಎಲ್ಲ ಹಣ ಕೊಟ್ಟವರಿಗೇ ಮರಳುವ ತಾಣಗಳೂ ಇವೆ. ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಬಂದಷ್ಟು ಸಿಗುವ ತಾಣ ಆದರೆ, ಕಡಿಮೆ ಬಂದಾಗ ಯಾವುದನ್ನು ಮೊದಲು ಮಾಡುತ್ತೀರಿ ಎಂದು ಪುಟದಲ್ಲಿ ಬರೆಯಿರಿ. ನಮ್ಮ ಲೆಕ್ಕದಲ್ಲಿ 60,000 ಬಂದರೆ ಕೋಣೆ ದುರಸ್ತಿ, ಮಕ್ಕಳ ಒಂದು ರ್ಯಾಕ್, ಮಕ್ಕಳ ಇನ್ನೂರು ಪುಸ್ತಕ ಆಗುತ್ತದೆ. ಜಗಲಿಯ ಮಕ್ಕಳು ಒಳಗೆ ಬಂದು ಕೂರಬಹುದು. ದೊಡ್ಡವರು ಕಾಯಲಿ. ಈ ಒಂದು ಸಾಲು ಇದ್ದರೆ, ಗುರಿ ದೂರ ಇದ್ದಾಗಲೂ ಕೊಡುವವರ ಕೈ ಹಿಂಜರಿಯುವುದಿಲ್ಲ.

ಸರಕಾರ ಕೊಡುವುದಿಲ್ಲವೇ ಎಂದು ಕೇಳುವವರು ಬಹಳ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಲೈಬ್ರರಿ ಕೌನ್ಸಿಲ್ ಇದೆ, ಅದರಲ್ಲಿ ಅಂಗೀಕಾರ ಪಡೆದ ಗ್ರಂಥಾಲಯಗಳಿಗೆ ದರ್ಜೆ ನೋಡಿ ವಾರ್ಷಿಕ ಗ್ರಾಂಟ್ ಸಿಗುತ್ತದೆ. ಆದರೆ ಅಂಗೀಕಾರಕ್ಕೆ ಅರ್ಜಿ ಹಾಕಲು ನಡೆಯುತ್ತಿರುವ ಗ್ರಂಥಾಲಯ ಇರಬೇಕು. ನಾವು ಸಂಗ್ರಹಿಸುವುದು ಆ ಸ್ಥಿತಿಗೆ ಬರುವ ತನಕದ ಹಣ ಎಂದು ನೇರವಾಗಿ ಬರೆಯಿರಿ. ಆರು ತಿಂಗಳ ಖರ್ಚು ಇಟ್ಟುಕೊಂಡದ್ದೂ ಇದಕ್ಕೇ.

ಹಣ ಯಾರ ಖಾತೆಗೆ ಬರುತ್ತದೆ ಎಂಬುದು ಇದರ ಜತೆಗೇ ತೀರ್ಮಾನವಾಗಬೇಕು. ಉತ್ಸಾಹಿ ಯುವಕನೊಬ್ಬ ತನ್ನ ಸ್ವಂತ ಖಾತೆ ಕೊಡುತ್ತಾನೆ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಉಡುಗೊರೆಯಾಗಿ ಬಂದ ಹಣ ಒಟ್ಟು 50,000 ದಾಟಿದರೆ ಅದನ್ನು ಆತನ ಆದಾಯ ಎಂದು ಹಿಡಿಯುವ ನಿಯಮ ಇದೆ. ಅವನನ್ನು ಆ ಸಂಕಟಕ್ಕೆ ತಳ್ಳಬೇಡಿ. ನಮ್ಮ ಮಲಬಾರಿನ ಭಾಗದಲ್ಲಿ 1860ರ ಸೊಸೈಟಿ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಸಂಘ ನೋಂದಾಯಿಸಿ, ಪಾನ್ ಮಾಡಿಸಿ, ಇಬ್ಬರು ಸಹಿ ಹಾಕುವ ಖಾತೆ ತೆರೆದು ಆಮೇಲೆ ಪುಟ. ಆದಾಯ ತೆರಿಗೆಯಲ್ಲಿ 80ಜಿ ಎಂದೇ ಹೆಸರಾದ ಮಾನ್ಯತೆ ಸಿಕ್ಕಿದ್ದರೆ ಮಾತ್ರ ಕೊಟ್ಟವರಿಗೆ ತೆರಿಗೆ ವಿನಾಯಿತಿ ಎಂದು ಬರೆಯಿರಿ. ಅರ್ಜಿ ಹಾಕಿದ್ದೇವೆ ಎಂಬುದು ಮಾನ್ಯತೆ ಅಲ್ಲ.

ಗಲ್ಫಿನ ವಿಷಯದಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಅಲ್ಲಿನ ನೆರವಿಲ್ಲದ ಪಟ್ಟಿಯೇ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಒಸಿಐ ಕಾರ್ಡಿನವರೂ ಸೇರಿ, ನಮ್ಮ ಊರಿನಲ್ಲೇ ಹುಟ್ಟಿದವರಾದರೂ, ರೂಪಾಯಿಯಲ್ಲೇ ಕೊಟ್ಟರೂ, ಅದು ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ಕೆಳಗೆ ಬರುತ್ತದೆ. ಅದಕ್ಕೆ ನೋಂದಣಿಯೋ ಪೂರ್ವಾನುಮತಿಯೋ ಬೇಕು, ಹೊಸ ಸಂಘಕ್ಕೆ ಅದು ಸುಲಭವಲ್ಲ. ಹಾಗಾಗಿ "ಈಗ ಭಾರತೀಯ ಪೌರರಿಂದ ಮಾತ್ರ ಸ್ವೀಕರಿಸುತ್ತೇವೆ" ಎಂದು ಪುಟದಲ್ಲಿ ಬರೆಯಿರಿ, ವಿದೇಶದಲ್ಲಿರುವವರಿಂದ ಪಾಸ್‌ಪೋರ್ಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಇನ್ನೊಂದು ಎಚ್ಚರಿಕೆ. ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು, ಸಾಮಾಜಿಕ ಜಾಲತಾಣದಲ್ಲಿ ಕೇಳುವುದೂ ಸೇರಿ, ಕಾನೂನಿಗೆ ವಿರುದ್ಧ. ಅಲ್ಲಿರುವ ತಮ್ಮನಿಗೆ, ನಿನ್ನ ಗ್ರೂಪಿನಲ್ಲಿ ಹಾಕು ಎಂದು ನೀವು ಹೇಳಿದರೆ ಕೇಸು ಬೀಳುವುದು ಅವನ ಮೇಲೆ. ಅವನು ತನ್ನ ಪಾಲನ್ನು ತಾನು ಕೊಡಲಿ. ಕೇಳುವ ಕೆಲಸ ಊರಿನಿಂದ ನೀವು ಮಾಡಿ.

ಇನ್ನು ಕೊಟ್ಟವರಿಗೆ ಏನು ಕೊಡುವುದು ಎಂಬ ಭಾಗ. ದೇವಸ್ಥಾನದ ಸೇವಾ ಪಟ್ಟಿಯ ಬೋರ್ಡು ನೆನಪಿಸಿಕೊಂಡರೆ ರಿವಾರ್ಡ್ ಹಂತ ಎಂದರೇನು ಎಂದು ಬೇರೆ ವಿವರಿಸಬೇಕಿಲ್ಲ. 1885ರಲ್ಲಿ ಅಮೆರಿಕದಲ್ಲಿ ಲಿಬರ್ಟಿ ಪ್ರತಿಮೆಯ ಪೀಠಕ್ಕೆ ಹಣ ಸಾಲದೆ ಹೋದಾಗ ಜೋಸೆಫ್ ಪುಲಿಟ್ಜರ್ ತಮ್ಮ ಪತ್ರಿಕೆಯಲ್ಲಿ, ಎಷ್ಟು ಸಣ್ಣ ಮೊತ್ತ ಕೊಟ್ಟರೂ ಹೆಸರು ಅಚ್ಚು ಹಾಕುತ್ತೇವೆ ಎಂದರು. ಕೆಲವೇ ತಿಂಗಳಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಕೊಟ್ಟವರು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲಿನವರು ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ಪತ್ರಿಕೆಗೆ ತಗಲಿದ್ದು ಒಂದು ಸಾಲಿನ ಜಾಗ. ಮರಳಿ ಕೊಡುವುದು ಬೆಲೆಯಲ್ಲಿ ಹಗುರವಾಗಿ, ಕೊಟ್ಟವರ ಮನಸ್ಸಿಗೆ ಹತ್ತಿರವಾಗಿ ಇರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಮೊದಲ ಪುಟದಲ್ಲಿ ಸಾವಿರ ಕೊಟ್ಟವರಿಗೆ ಹೆಸರು ಅಚ್ಚಾದ ಮಗ್ ಎಂದು ಬರೆದಿದ್ದೆವು. ಮಗ್ಗಿಗೆ 150, ಒಡೆಯದ ಹಾಗೆ ಕಟ್ಟಿ ಕೊರಿಯರ್ ಮಾಡಲು 120. ಸಾವಿರದಲ್ಲಿ 270 ಅಲ್ಲೇ ಹೋಯಿತು. ಎರಡು ದಾರಿಯಲ್ಲೇ ಒಡೆದವು, ಅವನ್ನು ಮತ್ತೆ ಕಳಿಸಿದೆವು. ಆ ಹಣದಲ್ಲಿ ಮಕ್ಕಳಿಗೆ ಎಷ್ಟು ಪುಸ್ತಕ ಆಗುತ್ತಿತ್ತು ಎಂದು ಈಗಲೂ ನೆನಪಾಗುತ್ತದೆ.

ಹಂತಗಳನ್ನು ಖರ್ಚಿನ ಪಟ್ಟಿಯಿಂದಲೇ ತೆಗೆಯಿರಿ. ಪ್ರತಿ ಹಂತಕ್ಕೂ ಗ್ರಂಥಾಲಯದ ಒಂದು ವಸ್ತು ಅಂಟಿಕೊಂಡಿರಲಿ. ನಮ್ಮ ಮಾದರಿಯಲ್ಲಿ ಕೆಳಗಿನದು 250 ರೂಪಾಯಿ. ಅದಕ್ಕೆ ಗ್ರಂಥಾಲಯ ತೆರೆದ ಮೇಲೆ ಒಬ್ಬ ಓದುಗ ಮಗು, ತಾನು ಓದಿದ ಪುಸ್ತಕದ ಬಗ್ಗೆ ಬರೆದ ಅಂಚೆ ಕಾರ್ಡು. ಕಾರ್ಡಿಗೆ 50 ಪೈಸೆ. ಗಲ್ಫಿನವರಿಗೆ ಅದರ ಫೋಟೋ. ಮುಂದಿನದು 850. ಶುಲ್ಕ ಹೋಗಿ 722 ಉಳಿಯುತ್ತದೆ, 70ರಂತೆ ಮಕ್ಕಳ ಹತ್ತು ಪುಸ್ತಕ. ಆ ಹತ್ತರ ಒಳಪುಟದಲ್ಲಿ ಕೊಟ್ಟವರು ಹೇಳಿದ ಹೆಸರಿನ ಚೀಟಿ. ತನ್ನ ಹೆಸರಿಗಿಂತ ತನಗೆ ಅಕ್ಷರ ಕಲಿಸಿದ ಮಾಷ್ಟ್ರ ಹೆಸರು, ಅಜ್ಜಿಯ ಹೆಸರು ಹಾಕಿ ಎನ್ನುವವರೇ ಹೆಚ್ಚು. ಹಣ ಕೊಡುವಾಗ ತುಂಬುವ ಅರ್ಜಿಯಲ್ಲೇ "ಚೀಟಿಯಲ್ಲಿ ಯಾರ ಹೆಸರು?" ಎಂಬ ಜಾಗ ಇಡಿ. ಆಮೇಲೆ ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳುವುದು ತಿಂಗಳ ಕೆಲಸ ಆಗುತ್ತದೆ.

ನನಗೆ ಬಹಳ ಇಷ್ಟವಾದ ಹಂತ 5,500ದ್ದು. ಬಾಗಿಲು ತೆರೆದಿಡುವ ಖರ್ಚು ತಿಂಗಳಿಗೆ 4,500 ಎಂದೆವಲ್ಲ, ಶುಲ್ಕ ಸೇರಿಸಿದರೆ 5,294. ಗೌರವಧನಕ್ಕೆ, ಕರೆಂಟಿಗೆ ಹಣ ಕೇಳಿದರೆ ಯಾರೂ ಕೊಡುವುದಿಲ್ಲ ಎಂಬುದು ಎಲ್ಲರ ದೂರು. ಅದನ್ನೇ "ಒಂದು ತಿಂಗಳು ಈ ಬಾಗಿಲು ನಿಮ್ಮಿಂದ ತೆರೆದಿರುತ್ತದೆ" ಎಂದು ಇಟ್ಟೆವು. ಆ ತಿಂಗಳು ಪೂರ್ತಿ ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಅವರು ಹೇಳಿದ ಹೆಸರು ಸೀಮೆಸುಣ್ಣದಲ್ಲಿ ಇರುತ್ತದೆ. ಆರು ತಿಂಗಳಿದೆ, ಆರೇ ಜನರಿಗೆ ಅವಕಾಶ. ತಾಯಿ ತೀರಿಹೋದ ತಿಂಗಳನ್ನೇ ಕೇಳಿ ಪಡೆದವರು ಇದ್ದಾರೆ. ಮೇಲಿನದು 8,000, ಒಂದು ರ್ಯಾಕ್, ಅದಕ್ಕೊಂದು ಸಣ್ಣ ಫಲಕ. ಮೂರು ರ್ಯಾಕ್ ಇದೆ, ಮೂರೇ ಜನ. ಸಂಖ್ಯೆಯ ಮಿತಿಯನ್ನು ಪುಟದಲ್ಲಿ ಹಾಕಲು ಮರೆತರೆ ಮೂರು ರ್ಯಾಕಿಗೆ ಐದು ಫಲಕ ಆಗುತ್ತದೆ, ಆಮೇಲೆ ಯಾರ ಮುಖ ನೋಡುವುದೂ ಕಷ್ಟ.

ಫಲಕದ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ದಾನಿಯ ಹೆಸರನ್ನು ಕೃತಜ್ಞತೆಯಿಂದ ಹಾಕಿದರೆ, ವ್ಯಾಪಾರದ ಪ್ರಚಾರ ಅದರಲ್ಲಿ ಇಲ್ಲದಿದ್ದರೆ, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು 2019ರ ಅಕ್ಟೋಬರಿನಲ್ಲಿ ಕೇಂದ್ರದ ಸುತ್ತೋಲೆಯೇ ಹೇಳಿದೆ. "ತಂದೆಯವರ ನೆನಪಿಗೆ ಇಂಥವರು" ಎಂಬುದು ದಾನ. ಅಂಗಡಿಯ ಹೆಸರು, ಫೋನ್ ನಂಬರು, ರಿಯಾಯಿತಿಯ ಮಾತು ಬಂದರೆ ಅದು ಜಾಹೀರಾತಿನ ಲೆಕ್ಕಕ್ಕೆ ಹೋಗುತ್ತದೆ. ಅಂಗಡಿಯವರು ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ಅವರ ಸ್ವಂತ ಹೆಸರು ಮಾತ್ರ ಹಾಕುತ್ತೇವೆ ಎಂದು ಹೇಳಿ.

ಈಗ ಕೂಡಿಸಿ ನೋಡೋಣ. ಮೂರು ರ್ಯಾಕ್ 24,000, ಆರು ತಿಂಗಳು 33,000, 850ರ ಹಂತದಲ್ಲಿ ಅರವತ್ತು ಜನ 51,000. ಒಟ್ಟು 1,08,000. ಉಳಿದ 52,000 ಸಣ್ಣ ಮೊತ್ತಗಳಿಂದ, ಏನೂ ಬೇಡ ಎಂದು ಸುಮ್ಮನೆ ಕೊಡುವವರಿಂದ ಬರಬೇಕು. ಈ ಕೂಡಿಕೆ ಗುರಿಗೆ ಹೊಂದದಿದ್ದರೆ ಹಂತಗಳನ್ನು ಬದಲಿಸಬೇಕು, ಪುಟ ತೆರೆದ ಮೇಲಲ್ಲ, ಈಗ.

ಕೊನೆಯ ಸಾಲಿನಲ್ಲಿ ಕೂತಿರುವ ಅಕ್ಕ ಆಗ ಚೀಟಿಯಲ್ಲಿ ಎರಡು ಪ್ರಶ್ನೆ ಕಳಿಸಿದ್ದಾರೆ. ಹಣದ ಬದಲು ಹಳೆ ಪುಸ್ತಕ ಕೊಡುತ್ತೇವೆ ಎನ್ನುವವರಿಗೆ ಏನು ಹೇಳುವುದು ಎಂದು ಒಂದು. ಬೇಡ ಎನ್ನಬೇಡಿ, ಆದರೆ ಯಾವುದು ಬೇಕು ಎಂದು ಪುಟದಲ್ಲೇ ಬರೆದಿಡಿ: ಕಥೆ, ಕಾದಂಬರಿ, ಮಕ್ಕಳ ಪುಸ್ತಕ, ಹಾಳೆ ಹರಿಯದ್ದು, ಬೂಸ್ಟು ಹಿಡಿಯದ್ದು. ಹಳೆಯ ಪಠ್ಯಪುಸ್ತಕ, ಗೈಡು ಬೇಡ. ಒಂದೇ ಒಂದು ಒರಲೆ ಹಿಡಿದ ಪೆಟ್ಟಿಗೆ ಸಾಕು ಉಳಿದ ಮೂರು ರ್ಯಾಕಿನ ಪುಸ್ತಕ ಹಾಳಾಗಲು. ಬಂದ ಪೆಟ್ಟಿಗೆಯನ್ನು ಮೊದಲು ಜಗಲಿಯಲ್ಲೇ ಬಿಚ್ಚಿ, ಬಿಸಿಲಿಗೆ ಹಾಕಿ, ನೋಡಿ ಒಳಗೆ ತನ್ನಿ.

ಇನ್ನೊಂದು, ಯಾವಾಗ ಶುರು ಮಾಡುವುದು ಎಂದು. ಹಿಂದಿನಿಂದ ಎಣಿಸಿ. ಪಣಿಕ್ಕರ್ ಅವರ ನೆನಪಿನ ವಾಚನಾ ದಿನ ಜೂನ್ 19, ಶಾಲೆಯೂ ಆಗಷ್ಟೇ ತೆರೆದಿರುತ್ತದೆ. ಬಾಗಿಲು ತೆರೆಯಲು ಅದು ಒಳ್ಳೆಯ ದಿನ. ಒರಲೆ ಮದ್ದು, ಬಣ್ಣ ಮಳೆ ಹಿಡಿಯುವ ಮೊದಲು, ಅಂದರೆ ಮೇ ತಿಂಗಳಲ್ಲೇ ಮುಗಿಯಬೇಕು. ತಾಣದಿಂದ ಹಣ ಕೈಗೆ ಬರಲು, ಪುಸ್ತಕ ಬರಲು ಸಮಯ ಬೇಕು. ಹಾಗಾಗಿ ಏಪ್ರಿಲ್ 20ಕ್ಕೆ ಸಂಗ್ರಹ ಮುಗಿಯಲಿ. ನಲವತ್ತು ದಿನ ಹಿಂದೆ ಹೋದರೆ ಮಾರ್ಚ್ 12. ಈ ನಡುವೆ ಏಪ್ರಿಲಿನ ಸಂಬಳದ ದಿನ ಬರುತ್ತದೆ, ಬಿಸು ಬರುತ್ತದೆ, ಹೊರಗಿನ ಮಕ್ಕಳು ಊರಿಗೆ ಬಂದಿರುತ್ತಾರೆ. ಮೊದಲ ವಾರ ಮತ್ತು ಕೊನೆಯ ವಾರ ಹಣ ಬರುತ್ತದೆ, ನಡುವಿನ ದಿನಗಳಲ್ಲಿ ನಿಲ್ಲುತ್ತದೆ. ಆ ದಿನಗಳಿಗಾಗಿ ಹೇಳಲು ಏನಾದರೂ ಉಳಿಸಿಕೊಳ್ಳಿ, ಕೋಣೆಯಲ್ಲಿ ರ್ಯಾಕಿನ ಜಾಗ ಅಳೆಯುವ ಫೋಟೋ, ಆಚಾರಿಯವರು ಬೆಂಚಿಗೆ ಕಾಲು ಹಚ್ಚುವ ಫೋಟೋ. ಮಾರ್ಚ್ 12ರ ಬೆಳಿಗ್ಗೆ ಪುಟವನ್ನು ಎಲ್ಲರಿಗೂ ಕಳಿಸುವ ಮುಂಚೆ, ಹಿಂದಿನ ರಾತ್ರಿಯೇ ಮೊದಲ ಪಟ್ಟಿಯ ನಲವತ್ತು ಜನ ಕೊಟ್ಟು ಮುಗಿಸಿರಲಿ. ಬೆಳಿಗ್ಗೆ ತೆರೆದು ನೋಡುವವರಿಗೆ 1,60,000ದಲ್ಲಿ 60,000 ಆಗಲೇ ಬಂದಿರುವುದು ಕಾಣಲಿ.